ಮೂರನೇ ಪ್ಯಾರಾದ ಕೆಟ್ಟ ಸುದ್ದಿ

ಗಡಸಣ್ಣ ಮುರಿದ ಕೊಕ್ಕೆಯ ಎರಡು ತುಂಡುಗಳನ್ನು ಅವಳ ಕೀಬೋರ್ಡಿನ ಪಕ್ಕದಲ್ಲಿಟ್ಟ. ಮೇಜಿನ ಗಾಜಿಗೆ ಎಣ್ಣೆ ಹತ್ತಿಕೊಂಡಿತು.

“ಏನಣ್ಣ ಇದು ಬೆಳಬೆಳಿಗ್ಗೆ? ಈಗಷ್ಟೇ ಟೇಬಲ್ ಒರೆಸಿ ಕೂತಿದೀನಿ.”

“ಟೇಬಲ್ ಆಮೇಲೆ ಒರೆಸ್ಕೋ, ಟಪಾಲು. ಇದನ್ನ ನೋಡು. ಮುರಿದಿದೆ.”

“ಮುರಿಯೋದೇ ನಿನ್ನ ಕೆಲಸ ಅಲ್ವಾ? ಸಂಬಳ ಕೊಟ್ಟು ಮುರಿಸ್ತಾರೆ ನಿನ್ ಕೈಲಿ.”

ಬೇರೆ ದಿನವಾಗಿದ್ದರೆ ಅವನು ತಿರುಗಿಸಿ ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ. ಇವತ್ತು ಬಾಯಿ ಬಿಡಲಿಲ್ಲ. ಆಗ ಅವಳು ಕೊಕ್ಕೆಯನ್ನು ಸರಿಯಾಗಿ ನೋಡಿದಳು.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಕ್ರೇನುಗಳಿಗೆ ಹಾಕುವ ಕೊಕ್ಕೆಗಳು. ಒಟ್ಟಿಗೆ ತಯಾರಾದ ಪ್ರತಿ ಲಾಟಿನಿಂದ ಕೆಲವನ್ನು ಎತ್ತಿಟ್ಟುಕೊಂಡು, ಅವುಗಳ ಗಡಸುತನ ನೋಡುವುದು, ಯಂತ್ರಕ್ಕೆ ಕಟ್ಟಿ ಮುರಿಯುವವರೆಗೆ ಎಳೆಯುವುದು ಗಡಸಣ್ಣನ ಕೆಲಸ. ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಎಲ್ಲ ಊರಿನ ಗಿರಾಕಿಗಳಿಗೂ ಮೇಲ್ ಬರೆಯುವುದು ಇವಳ ಕೆಲಸ, ಆದ್ದರಿಂದ ಇವಳು ಟಪಾಲು. ಸೇರಿದ ಹೊಸದರಲ್ಲಿ ಆ ಹೆಸರಿಗೆ ಮುನಿಸಿಕೊಂಡಿದ್ದಳು. ಈಗ ಮನೆಯಲ್ಲಿ ಅಕ್ಕನೂ ಹಾಗೆಯೇ ಕರೆಯುತ್ತಾಳೆ.

“ಒಳ್ಳೇ ಕೊಕ್ಕೆ ಹೇಗೆ ಮುರಿಯುತ್ತೆ ಅಂತ ನೀನೇ ನೋಡಿದೀಯ,” ಎಂದ ಗಡಸಣ್ಣ. “ಮೊದಲು ಬಾಯಿ ಬಿಡುತ್ತೆ. ಮಡಚಿದ ಬೆರಳು ಮೆಲ್ಲಗೆ ಬಿಚ್ಚಿದ ಹಾಗೆ. ಕೆಳಗಿರೋನಿಗೆ ಕಾಣುತ್ತೆ, ಓಡ್ತಾನೆ. ಇದು ಬಾಯಿ ಬಿಡ್ಲೇ ಇಲ್ಲ. ಸೀಮೆಸುಣ್ಣ ಮುರಿದ ಹಾಗೆ ಚಟ್ ಅಂತು.”

“ಯಾವ ಲಾಟು?”

“ನಲವತ್ತೊಂದು.”

ಅವಳ ಕೈ ತನಗೆ ತಾನೇ ಕೀಬೋರ್ಡಿನಿಂದ ಹಿಂದಕ್ಕೆ ಬಂತು. ನಲವತ್ತೊಂದನೇ ಲಾಟು ಹಡಗು ಹತ್ತಿ, ಸಮುದ್ರ ದಾಟಿ, ‘ಎರಡು ಸಾಲಿನವನು’ ಎಂಬ ಗಿರಾಕಿಯ ಗೋದಾಮಿಗೆ ಇಳಿದಾಗಿತ್ತು. ಅಲ್ಲಿ ಅದನ್ನು ಕಟ್ಟಡದ ಕ್ರೇನುಗಳಿಗೆ ಜೋಡಿಸಿ ಸೈಟುಗಳಿಗೆ ಕಳಿಸುತ್ತಾರೆ. ಆ ಕ್ರೇನಿನ ಕೆಳಗೆ ಇಡೀ ದಿನ ಜನ ಓಡಾಡುತ್ತಾರೆ.

“ಕಳಿಸೋ ಮುಂಚೆ ಭಾರ ಹಾಕಿ ನೋಡಿದ್ರಲ್ಲ?”

“ಭಾರ ತಡೆಯುತ್ತೆ ಕಣೇ. ಅದೇ ಹೆದರಿಕೆ. ಮೆಲ್ಲಗೆ ಎತ್ತಿದ್ರೆ ಏನೂ ಆಗಲ್ಲ. ಜಗ್ಗಿದ ಹಾಗಾದ್ರೆ, ಅದ್ರಲ್ಲೂ ಚಳಿ ಇದ್ರೆ, ಹೇಳದೆ ಕೇಳದೆ ಹೋಗುತ್ತೆ.” ತುಂಡೊಂದನ್ನು ತಿರುಗಿಸಿ ಮುರಿದ ಮುಖ ತೋರಿಸಿದ. ಸಕ್ಕರೆ ಚೆಲ್ಲಿದಂತೆ ಕಣಕಣವಾಗಿ ಮಿನುಗುತ್ತಿತ್ತು. “ಕೆಂಪಗೆ ಕಾಯಿಸಿ ಎಣ್ಣೇಲಿ ಅದ್ದಿದ ಮೇಲೆ, ಇನ್ನೊಂದು ಒಲೇಲಿಟ್ಟು ಹದಕ್ಕೆ ತರ್ತೀವಲ್ಲ, ಆ ಒಲೇಲಿ ಹಿಂದುಗಡೆ ಕಾಯಿಸೋ ಸುರುಳಿ ಸುಟ್ಟುಹೋಗಿದೆ. ನಿನ್ನೆ ಭಾನುವಾರ ರಿಪೇರಿಯವನು ಬಿಚ್ಚಿದಾಗ ಗೊತ್ತಾಯ್ತು. ನಾನು ಯಾವಾಗಲೂ ಪರೀಕ್ಷೆಗೆ ಬಾಗಿಲ ಹತ್ರದ ತಟ್ಟೆಯಿಂದಲೇ ತಗೊಳ್ತಿದ್ದೆ. ಅವೆಲ್ಲ ಸರಿಯಾಗಿದ್ವು. ಹಿಂದಿನ ತಟ್ಟೇದು ಹದಕ್ಕೆ ಬಂದೇ ಇಲ್ಲ.”

“ಯಾವುದು ಹಿಂದಿಂದು, ಯಾವುದು ಮುಂದಿಂದು ಅಂತ ಗೊತ್ತಾಗುತ್ತಾ?”

“ನೋಡಿದ್ರೆ ಗೊತ್ತಾಗಲ್ಲ. ಒಂದೇ ಬಣ್ಣ, ಒಂದೇ ತೂಕ. ಎಲ್ಲ ಕಲಸಿ ಪೆಟ್ಟಿಗೆಗೆ ತುಂಬಿದೀವಿ. ಬರಿ ಅವನಿಗೆ. ಈಗಲೇ ಬರಿ.”

ಅವನು ತುಂಡುಗಳನ್ನು ಅಲ್ಲೇ ಬಿಟ್ಟು ಯಜಮಾನರ ಕೋಣೆಗೆ ಹೋದ.

ಎರಡು ಸಾಲಿನವನಿಗೆ ಆ ಹೆಸರಿಟ್ಟದ್ದು ಕಚೇರಿಯೇ. ಅವನು ಗಿರಾಕಿಯಾದ ಹೊಸದರಲ್ಲಿ ಬಂದ ಮೇಲ್ ಇವಳಿಗೆ ಇನ್ನೂ ಬಾಯಿಪಾಠ: “ಪೆಟ್ಟಿಗೆ ಒಡೆದಿದೆ. ಗಟ್ಟಿ ಪೆಟ್ಟಿಗೆ ಹಾಕಿ.” ಮೇಲೆ ನಮಸ್ಕಾರವಿಲ್ಲ, ಕೆಳಗೆ ವಂದನೆಯಿಲ್ಲ. ಯಜಮಾನರು ಅದನ್ನು ಓದಿ ಆವತ್ತು ಊಟ ಮಾಡಲಿಲ್ಲ. ಸಂಬಂಧ ಹರಿದುಹೋಯಿತೆಂದೇ ತಿಳಿದು, ಒಂದು ಪುಟದ ತಪ್ಪೊಪ್ಪಿಗೆ ಬರೆಸಿದರು. ಬೇಸರವಾಗಿದ್ದರೆ ಕ್ಷಮೆಯಿರಲಿ, ನಿಮ್ಮಂಥವರ ಸ್ನೇಹ ನಮಗೆ ದೊಡ್ಡದು, ಇತ್ಯಾದಿ. ಅದಕ್ಕೆ ಬಂದ ಉತ್ತರ: “ಪೆಟ್ಟಿಗೆ ಯಾವಾಗ?”

ಆಮೇಲೆ ಅವನೇ ಒಮ್ಮೆ ಕಾರ್ಖಾನೆ ನೋಡಲು ಬಂದ. ಹುಲಿ ಬರುತ್ತದೆಂದು ಕಾದಿದ್ದವರಿಗೆ ಸಿಕ್ಕಿದ್ದು ಬಾಗಿಲಿಗೆ ತಲೆ ತಾಗುವಷ್ಟು ಉದ್ದದ, ಎಲ್ಲದಕ್ಕೂ ನಗುವ ಮನುಷ್ಯ. ದೊಡ್ಡ ಸುತ್ತಿಗೆ ಕೆಂಪು ಕಬ್ಬಿಣದ ಮೇಲೆ ಬೀಳುವುದನ್ನು ಮಗುವಿನ ಹಾಗೆ ಬಾಯಿ ತೆರೆದು ನೋಡಿದ. ಒಡೆದ ಪೆಟ್ಟಿಗೆಯ ವಿಷಯ ಅವನಿಗೆ ನೆನಪೇ ಇರಲಿಲ್ಲ. ಹೊರಡುವಾಗ ಇವಳ ಮೇಜಿನ ಹತ್ತಿರ ನಿಂತು ಹೇಳಿದ:

“ನೀವು ತುಂಬ ಚೆನ್ನಾಗಿ ಬರೀತೀರಿ. ಆದ್ರೆ ನಾನು ಮೊದಲ ಸಾಲು ಓದ್ತೀನಿ. ಅಲ್ಲಿ ನನಗೆ ಕೆಲಸ ಇದ್ರೆ ಮುಂದೆ ಓದ್ತೀನಿ. ಇಲ್ಲದಿದ್ರೆ ಇಲ್ಲ. ನಮ್ಮಲ್ಲಿ ಎಲ್ಲರೂ ಹಾಗೆಯೇ.”

ಇವಳು ಅಂದಿನಿಂದ ಅವನ ಅಳತೆಗೆ ಕತ್ತರಿಸಲು ಕಲಿತಳು. ಇಬ್ಬರೂ ಬರೆಯುತ್ತಿದ್ದುದು ಇಬ್ಬರಿಗೂ ಸ್ವಂತದ್ದಲ್ಲದ ಭಾಷೆ. ವಿಷಯದ ಸಾಲಿನಲ್ಲೇ ಏನು ಬೇಕೋ ಅದು. ಮೊದಲ ವಾಕ್ಯದಲ್ಲಿ ಯಾರು ಏನು ಮಾಡಬೇಕು, ಯಾವಾಗಿನೊಳಗೆ. ಒಂದು ಮೇಲಿಗೆ ಒಂದೇ ವಿಷಯ. ಮೊದಮೊದಲು ಕಳಿಸುವ ಗುಂಡಿ ಒತ್ತುವಾಗ ಹಿರಿಯರೊಬ್ಬರನ್ನು ಏಕವಚನದಲ್ಲಿ ಕರೆದ ಹಾಗೆ ಅನಿಸುತ್ತಿತ್ತು. ಆದರೆ ಉತ್ತರಗಳು ಬೇಗ ಬರತೊಡಗಿದವು. ಒಮ್ಮೆ ಅವನು “ಈಗ ಓದಲು ಸುಲಭ” ಎಂದೂ ಬರೆದ. ಅದು ಅವನ ಲೆಕ್ಕದಲ್ಲಿ ಸನ್ಮಾನ.

ಈ ಸ್ವಾತಂತ್ರ್ಯವೆಲ್ಲ ಆರ್ಡರು, ಬಿಲ್ಲು, ಹಡಗಿನ ವಿಷಯಗಳಿಗೆ ಮಾತ್ರ. ಕೆಟ್ಟ ಸುದ್ದಿಗೆ ಕಾರ್ಖಾನೆಯಲ್ಲಿ ಬೇರೆಯೇ ಕಟ್ಟಳೆ ಇತ್ತು. ಯಜಮಾನರ ತಂದೆಯ ಕಾಲದಿಂದ ಬಂದದ್ದು. ಮೊದಲ ಪ್ಯಾರಾದಲ್ಲಿ ಕ್ಷೇಮ ಸಮಾಚಾರ, ಎರಡನೆಯದರಲ್ಲಿ ಕೃತಜ್ಞತೆ, ಕೆಟ್ಟ ಸುದ್ದಿ ಏನಿದ್ದರೂ ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ ಬಾಂಧವ್ಯದ ಮಾತು. ಅಂಥ ಪತ್ರ ಯಜಮಾನರ ಕಣ್ಣಿಗೆ ಬೀಳದೆ ಬಾಗಿಲು ದಾಟುವಂತಿಲ್ಲ. ಹತ್ತಿರದ ಗಿರಾಕಿಗಳಿಗೆ ಇದು ಗೊತ್ತಿದ್ದದ್ದೇ. ಅವರು ಈ ಕಾರ್ಖಾನೆಯ ಪತ್ರ ಬಂದರೆ ನೇರವಾಗಿ ಮೂರನೇ ಪ್ಯಾರಾಕ್ಕೆ ಹಾರಿ, ಎದೆ ಹಿಡಿದುಕೊಂಡು ಓದುತ್ತಿದ್ದರು.

ಅವಳು ನಾಲ್ಕು ಸಾಲು ಬರೆದು, ಪ್ರಿಂಟು ತೆಗೆದು, ಯಜಮಾನರ ಕೋಣೆಗೆ ಒಯ್ದಳು. ಗಡಸಣ್ಣ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದರು.

“ಏನಮ್ಮಾ ಇದು? ‘ಬಳಸಬೇಡಿ.’ ಬಾಗಿಲು ತೆಗೆದವನ ಕೆನ್ನೆಗೆ ಹೊಡೆದ ಹಾಗಿದೆ.”

“ಅವರು ಹೀಗೇ ಬರೀತಾರೆ ಸರ್.”

“ಅವರು ಬರೀತಾರೆ. ಅವರು ಕೊಳ್ಳೋರು. ನಾವು ಮಾರೋರು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎದುರು ಮಾತಾಡುವುದು ಸುಲಭವಿತ್ತು. “ಎಷ್ಟು ಕೊಕ್ಕೆ ಮುರಿದಿದೆಯಪ್ಪಾ?”

“ಹಿಂದಿನ ತಟ್ಟೇದು ಒಂದೇ ಒಲೆಯೊಳಗೆ ಬಿದ್ದು ಉಳಿದಿತ್ತು ಸರ್. ಅದೇ ಮುರಿದಿದ್ದು,” ಎಂದ ಗಡಸಣ್ಣ.

“ಒಂದು! ಒಂದು ಮುರಿದಿದ್ದಕ್ಕೆ ಇಡೀ ಲಾಟು ಕೆಟ್ಟಿದೆ ಅಂತ ನಾವೇ ಡಂಗುರ ಸಾರೋದಾ? ಹೇಳಬೇಡ ಅಂತ ನಾನು ಅಂತಿಲ್ಲ. ಹೇಳಲೇಬೇಕು. ಮನುಷ್ಯರು ಹೇಳೋ ಹಾಗೆ ಹೇಳು. ಅವರೇನು ದಡ್ಡರಾ? ಸೂಚನೆ ಕೊಟ್ರೆ ಅರ್ಥ ಆಗುತ್ತೆ.”

“ಸರ್, ಆತ ಮೊದಲ ಸಾಲು…”

“ನಾನು ಹೇಳ್ತೀನಿ, ಬರ್ಕೋ.”

ಅವಳು ಬರೆದುಕೊಂಡಳು. ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಯಜಮಾನರು ಬಾಯಲ್ಲಿ ಹೇಳಿದ್ದು ಒರಟು ಕರಡು ಅಷ್ಟೇ. ಅದಕ್ಕೆ ನಯ ಹಚ್ಚಿದವಳು ಇವಳು. ಮೇಜಿಗೆ ಬಂದು ಕೂತ ಮೇಲೆ ಹಳೆಯ ಕೈಚಳಕ ಜಾಗೃತವಾಯಿತು. ವಾಕ್ಯ ಉರುಳುವ ರೀತಿ ಅವಳಿಗೇ ಹಿತವಾಯಿತು. ವಿಷಯದ ಸಾಲು: “ನಲವತ್ತೊಂದನೇ ಲಾಟಿನ ಕುರಿತು ಕೆಲವು ಮಾಹಿತಿ.” ಆಮೇಲೆ ನೀವೂ ನಿಮ್ಮ ತಂಡದವರೂ ಕ್ಷೇಮವೆಂದು ನಂಬುತ್ತೇವೆ, ಆಮೇಲೆ ಸರಕು ಸುರಕ್ಷಿತವಾಗಿ ತಲುಪಿದ್ದಕ್ಕೆ ಸಂತೋಷ. ಮೂರನೆಯದು ಹೀಗಿತ್ತು:

“ನಮ್ಮ ನಿರಂತರ ಗುಣಮಟ್ಟ ಪರಿಶೀಲನೆಯ ಅಂಗವಾಗಿ, ಈ ಲಾಟಿನ ಕೆಲವು ಮಾದರಿಗಳ ಗಡಸುತನದಲ್ಲಿ ಸ್ವಲ್ಪ ವ್ಯತ್ಯಾಸ ಇರುವ ಸಾಧ್ಯತೆ ನಮ್ಮ ಗಮನಕ್ಕೆ ಬಂದಿದೆ. ಮುನ್ನೆಚ್ಚರಿಕೆಯ ದೃಷ್ಟಿಯಿಂದ, ಬಳಸುವ ಮೊದಲು ತಮ್ಮ ಅನುಕೂಲ ನೋಡಿಕೊಂಡು ಒಮ್ಮೆ ಪರಿಶೀಲಿಸುವುದನ್ನು ತಾವು ಪರಿಗಣಿಸಬಹುದೆಂದು ವಿನಂತಿ.”

‘ಪರಿಗಣಿಸಬಹುದೆಂದು’ ಅವಳ ಸ್ವಂತ ಸೇರ್ಪಡೆ. ಯಜಮಾನರು ಓದುತ್ತಾ ಆ ಪದಕ್ಕೆ ಬಂದಾಗ ತಲೆದೂಗಿದರು.

ಗಡಸಣ್ಣ ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. ಓದಿ ಮುಗಿದರೂ ಬಗ್ಗಿಯೇ ಇದ್ದ.

“ಇದ್ರಲ್ಲಿ ಮುರಿಯುತ್ತೆ ಅನ್ನೋದು ಎಲ್ಲಿದೆ?”

“ವ್ಯತ್ಯಾಸ ಅಂತ ಇದೆಯಲ್ಲ.”

“ನಿಂಗೂ ಅವನಿಗೂ ಇರೋದು ವ್ಯತ್ಯಾಸ. ಇದು ವ್ಯತ್ಯಾಸ ಅಲ್ಲ.”

“ಯಜಮಾನರಿಗೆ ಹೇಳು ಹೋಗು. ನಂಗ್ಯಾಕೆ ಹೇಳ್ತೀಯ?” ಎಂದು ಅವಳು ಗುಂಡಿ ಒತ್ತಿಬಿಟ್ಟಳು.

ಎರಡು ಸಾಲಿನವನ ಉತ್ತರ ಮಧ್ಯಾಹ್ನದೊಳಗೆ ಬಂತು. ಈ ಸಲ ಎರಡು ಸಾಲೂ ಇರಲಿಲ್ಲ. “ಸರಿ. ಧನ್ಯವಾದ.”

ಯಜಮಾನರು ಕೋಣೆಯಿಂದ ಎದ್ದು ಬಂದು ಪರದೆಯ ಮೇಲೆ ತಾವೇ ನೋಡಿದರು. “ನೋಡಿದೆಯಾ? ಧನ್ಯವಾದ ಅಂತಾನೆ. ಯಾವತ್ತಾದ್ರೂ ಅಂದಿದ್ನಾ? ನಯವಾಗಿ ಹೇಳಿದ್ರೆ ಕಲ್ಲೂ ನಯವಾಗಿ ಮಾತಾಡುತ್ತೆ.”

ಅವಳೂ ಹೌದೆಂದು ತಲೆ ಆಡಿಸಿದಳು. ಆದರೆ ಅವನ ‘ಸರಿ’ಗಳನ್ನು ಓದಿ ಓದಿ ಪಳಗಿದ್ದವಳು ಅವಳು. ಸಮಸ್ಯೆ ಹೇಳಿದಾಗ ಅವನು ‘ಸರಿ’ ಎನ್ನುತ್ತಿರಲಿಲ್ಲ. ಎಷ್ಟು, ಯಾಕೆ, ಯಾವಾಗ ಎಂದು ಮೇಲಿಂದ ಮೇಲೆ ಕೇಳುತ್ತಿದ್ದ. ‘ಸರಿ. ಧನ್ಯವಾದ’ ಅವನು ಹಬ್ಬದ ಶುಭಾಶಯಕ್ಕೆ, ಹೊಸ ಕ್ಯಾಲೆಂಡರಿಗೆ ಬರೆಯುವ ಉತ್ತರ. ಎಂದರೆ, ನೋಡಿದೆ, ನನಗೆ ಇದರಲ್ಲಿ ಕೆಲಸವಿಲ್ಲ. ಇನ್ನೊಂದು ಮೇಲ್ ಬರೆದು ಕೇಳಿಬಿಡಲೇ ಎಂದುಕೊಂಡಳು. ಯಜಮಾನರ ಸಂತೋಷದ ಮುಖ ಕಂಡು ಸುಮ್ಮನಾದಳು.

ಸಂಜೆ ಮನೆಯಲ್ಲಿ ಅಕ್ಕ ಅಡುಗೆಮನೆಯ ನಲ್ಲಿಗೆ ಬಟ್ಟೆ ಬಿಗಿಯುತ್ತಿದ್ದಳು. ನೀರು ಆದರೂ ತೊಟ್ಟಿಕ್ಕುತ್ತಿತ್ತು.

“ಓನರ್ ಆಂಟಿಗೆ ಹೇಳ್ಲಿಲ್ವಾ?”

“ಹೇಳ್ದೆ. ‘ನೋಡೋಣಮ್ಮ, ಅದಕ್ಕೇನಂತೆ’ ಅಂದ್ರು. ಅದಕ್ಕೇ ಬರ್ತಾ ಹೊಸ ನಲ್ಲಿ ತಂದೆ. ನಿಮ್ಮ ಭಾವ ಬಂದು ಹಾಕ್ತಾರೆ.”

“ನೋಡೋಣ ಅಂದ್ರಲ್ಲ, ಕಾಯಬಹುದಿತ್ತು.”

ಅಕ್ಕ ಅವಳನ್ನು ವಿಚಿತ್ರವಾಗಿ ನೋಡಿದಳು. “ನಿಂಗೆ ಜ್ವರ ಗಿರ ಬಂದಿದೆಯಾ ಟಪಾಲು? ನೋಡೋಣ ಅಂದ್ರೆ ಹಾಕ್ಸಲ್ಲ ಅಂತ. ಇಷ್ಟು ವಯಸ್ಸಾಯ್ತು, ಇದನ್ನೂ ಹೇಳ್ಕೊಡಬೇಕಾ?”

“ಹೇಳ್ಕೊಡದೆ ಇದ್ರೆ ಗೊತ್ತಾಗಲ್ವಾ?”

“ಯಾರಿಗೆ ಗೊತ್ತಾಗಲ್ಲ ಹೇಳು.”

ಬಾಗಿಲಿಗೆ ತಲೆ ತಾಗುವ, ಎಲ್ಲದಕ್ಕೂ ನಗುವ ಒಬ್ಬನಿಗೆ ಗೊತ್ತಾಗುವುದಿಲ್ಲ. ಓನರ್ ಆಂಟಿ ‘ನೋಡೋಣ’ ಎಂದಿದ್ದರೆ ಅವನು ನಲ್ಲಿಯ ಕೆಳಗೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಪರಿಗಣಿಸಬಹುದು ಎಂದು ಬರೆದರೆ, ಪರಿಗಣಿಸಿ, ಬೇಡವೆಂದು ತೀರ್ಮಾನಿಸಿ, ಮರೆತುಬಿಡುತ್ತಾನೆ. ಅವನು ಮಾಡಿದ್ದರಲ್ಲಿ ತಪ್ಪಿಲ್ಲ. ಬರೆದಿದ್ದನ್ನು ಬರೆದ ಹಾಗೆ ಓದುವವನು ಅವನು.

ಆದರೂ ಮರುದಿನ ಅವಳು ಏನೂ ಮಾಡಲಿಲ್ಲ. ಅದರ ಮರುದಿನವೂ ಇಲ್ಲ. ಬೇರೆ ಗಿರಾಕಿಗಳ ಮೇಲುಗಳಿದ್ದವು, ಅವುಗಳ ಹಿಂದೆ ಅಡಗಿಕೊಂಡಳು. ಗಡಸಣ್ಣ ಊಟದ ಹೊತ್ತಿಗೆ ಎದುರಾದರೆ ಹುಬ್ಬು ಮಾತ್ರ ಎತ್ತುತ್ತಿದ್ದ. ಅವಳು ತಲೆ ಅಲ್ಲಾಡಿಸುತ್ತಿದ್ದಳು. ರಿಪೇರಿಯಾದ ಒಲೆಯಲ್ಲಿ ಹೊಸ ಲಾಟು ಹದವಾಗತೊಡಗಿತು. ದೊಡ್ಡ ಸುತ್ತಿಗೆ ನೆಲ ನಡುಗಿಸುತ್ತಾ ಎಂದಿನಂತೆ ಬೀಳುತ್ತಲೇ ಇತ್ತು.

ವಾರಾಂತ್ಯದ ಹತ್ತಿರ ಎರಡು ಸಾಲಿನವನಿಂದ ತಾನಾಗಿ ಒಂದು ಮೇಲ್ ಬಂತು. ಜೊತೆಯಲ್ಲಿ ಫೋಟೋ.

“ಎಲ್ಲ ಕ್ರೇನಿಗೂ ಹಾಕಿ ಆಯಿತು. ಇವತ್ತಿನಿಂದ ಸೈಟುಗಳಲ್ಲಿ ಕೆಲಸ ಶುರು.”

ಅವನು ಇಂಥ ಫೋಟೋ ಕಳಿಸಿದ್ದು ಇದೇ ಮೊದಲು. ಹೆಮ್ಮೆಯಿಂದ ಕಳಿಸಿದ್ದನೆಂದು ಕಾಣುತ್ತಿತ್ತು. ಬಿಳಿ ಆಕಾಶ, ಹಳದಿ ಕ್ರೇನು, ತಂತಿಯ ತುದಿಯಲ್ಲಿ ಕೊಕ್ಕೆ. ಅವಳು ಚಿತ್ರ ಹಿಗ್ಗಿಸಿದಳು. ಕೊಕ್ಕೆಯ ಕತ್ತಿನಲ್ಲಿ ಒತ್ತಿದ್ದ ಅಂಕಿ ಸ್ಪಷ್ಟವಾಗಿತ್ತು: ನಲವತ್ತೊಂದು. ಕೆಳಗೆ ನಾಲ್ಕೈದು ಜನ ಟೋಪಿ ಹಾಕಿಕೊಂಡು ಕ್ಯಾಮೆರಾ ನೋಡುತ್ತಾ ನಿಂತಿದ್ದರು. ಉಸಿರು ಹೊಗೆಯಾಗಿ ಬಾಯಿಂದ ಹೊರಡುತ್ತಿತ್ತು. ನೆಲದ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು.

ಅವಳು ಎದ್ದು ಯಜಮಾನರ ಕೋಣೆಗೆ ಓಡಿದಳು. ಬಾಗಿಲಿಗೆ ಬೀಗ. ಬ್ಯಾಂಕಿಗೆ ಹೋಗಿದ್ದಾರೆಂದು ಯಾರೋ ಹೇಳಿದರು. ಮೊಬೈಲಿಗೆ ಮಾಡಿದಳು, ರಿಂಗಾಗಿ ನಿಂತಿತು. ಪರೀಕ್ಷೆಯ ಕೋಣೆಗೆ ಹೋಗಿ ಫೋನಿನಲ್ಲಿದ್ದ ಚಿತ್ರ ತೋರಿಸಿದಳು. ಗಡಸಣ್ಣ ಅಂಕಿಯನ್ನು ನೋಡಲಿಲ್ಲ. ಚಿತ್ರದಲ್ಲಿದ್ದವರ ಬಾಯಿಂದ ಹೊರಟ ಹೊಗೆ ನೋಡಿದ.

“ಚಳಿ ಇದೆ ಅಲ್ಲಿ,” ಎಂದ. ಆಮೇಲೆ, “ನೀನಿಲ್ಲಿ ಯಾಕೆ ನಿಂತಿದೀಯ?”

“ಯಜಮಾನ್ರು ಇಲ್ಲ. ಕೇಳದೆ ಕಳಿಸಿದ್ರೆ ಕೆಲಸ ಹೋಗುತ್ತೆ.”

“ಹೋದ್ರೆ ಹೋಗುತ್ತೆ. ನಿಂದು ಹೋದ್ರೆ ನಂದೂ ಹೋಗುತ್ತೆ. ಹಿಂದಿನ ತಟ್ಟೆಯಿಂದ ತಗೊಳ್ಳದೆ ಇದ್ದೋನು ನಾನು. ನಡಿ, ಕೂತ್ಕೋ.”

ಕೂತಳು. ವಿಷಯದ ಸಾಲಿನಲ್ಲಿ ಬರೆದಳು: “ನಿಲ್ಲಿಸಿ: ನಲವತ್ತೊಂದನೇ ಲಾಟಿನ ಕೊಕ್ಕೆ ಬಳಸಬೇಡಿ.” ಬೆರಳು ಅಭ್ಯಾಸಬಲದಿಂದ ‘ಮಾನ್ಯರೇ’ ಎಂದು ಹೊಡೆಯಿತು, ಅಳಿಸಿದಳು. ‘ದಯವಿಟ್ಟು’ ಬಂತು, ಅದನ್ನೂ ಅಳಿಸಿದಳು. ‘ಈ ಮೊದಲೇ ತಿಳಿಸಿದಂತೆ’ ಎಂದು ಬರೆದು, ಅದು ತನ್ನನ್ನು ಕಾಪಾಡಿಕೊಳ್ಳುವ ಮಾತೆಂದು ಹೊಳೆದು ಅಳಿಸಿದಳು. ಉಳಿದದ್ದು ಇಷ್ಟು:

“ನಲವತ್ತೊಂದನೇ ಲಾಟಿನ ಯಾವ ಕೊಕ್ಕೆಯಿಂದಲೂ ಭಾರ ಎತ್ತಬೇಡಿ. ಎತ್ತಿರುವುದನ್ನು ಮೆಲ್ಲಗೆ ಇಳಿಸಿ, ಕೆಳಗಿರುವವರನ್ನು ದೂರ ಕಳಿಸಿ, ಕೊಕ್ಕೆ ಬಿಚ್ಚಿ.

ಕೆಲವು ಬಾಗದೆ ಒಮ್ಮೆಲೇ ಮುರಿಯುತ್ತವೆ. ಯಾವುವು ಎಂದು ನೋಡಿ ತಿಳಿಯುವುದಿಲ್ಲ.

ತಪ್ಪು ನಮ್ಮದು. ಬದಲಿ ಕಳಿಸುತ್ತೇವೆ.

ಓದಿದ ಕೂಡಲೇ ಉತ್ತರಿಸಿ.”

ಗಡಸಣ್ಣ ಓದಿದ. “ಇದ್ರಲ್ಲಿ ಮುರಿಯುತ್ತೆ ಅಂತ ಇದೆ,” ಎಂದ.

ಕಳಿಸಿ, ಫೋನೂ ಮಾಡಿದಳು. ಗಂಟೆ ಹೊಡೆಯುತ್ತಲೇ ಇತ್ತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಮಾಡುವಷ್ಟರಲ್ಲಿ ಪರದೆಯ ಮೇಲೆ ಅವನ ಉತ್ತರ ಬಂದಿತ್ತು.

“ಓದಿದೆ. ಎಲ್ಲ ಸೈಟುಗಳನ್ನೂ ನಿಲ್ಲಿಸಿದ್ದೇನೆ, ಒಂದನ್ನು ಬಿಟ್ಟು. ಅಲ್ಲಿ ಫೋನು ಎತ್ತುತ್ತಿಲ್ಲ. ಕಾರಿನಲ್ಲಿ ಹೊರಟಿದ್ದೇನೆ.”

ಬರೆಯುವಂಥದ್ದು ಏನೂ ಇರಲಿಲ್ಲ. ಅವನು ಕಾರು ಓಡಿಸುತ್ತಿರುವಾಗ ಬರುವ ಅಕ್ಷರವೆಲ್ಲ ಅಡ್ಡಿ. ಇಬ್ಬರೂ ಪರದೆಯ ಮುಂದೆ ಕೂತರು. ಆಚೆ ಸುತ್ತಿಗೆ ಬಿತ್ತು, ಎದ್ದಿತು, ಬಿತ್ತು. ಪ್ರತಿ ಸಲ ಬಿದ್ದಾಗಲೂ ಗಾಜಿನ ಮೇಲಿದ್ದ ಪೆನ್ನು ತುಸು ಸರಿಯಿತು. ಅವಳು ಅದನ್ನು ತೆಗೆದು ಡ್ರಾಯರಿಗೆ ಹಾಕಿದಳು.

“ಇಷ್ಟೊತ್ತಿಗೆ ತಲುಪಿರಬೇಕಲ್ವಾ?” ಎಂದ ಗಡಸಣ್ಣ.

“ಎಷ್ಟು ದೂರ ಅಂತ ನಂಗೇನು ಗೊತ್ತು.”

“ಟೀ ತರ್ಲಾ?”

“ಸುಮ್ನಿರು.”

ಯಜಮಾನರು ಬಂದಾಗ ಇಬ್ಬರೂ ಹಾಗೆಯೇ ಕೂತಿದ್ದರು. ಅವರು ಮೊದಲು ಫೋಟೋ ನೋಡಿದರು, ಆಮೇಲೆ ಅವಳು ಕಳಿಸಿದ್ದನ್ನು. ಮುಖ ಕಪ್ಪಿಟ್ಟಿತು.

“‘ತಪ್ಪು ನಮ್ಮದು.’ ಯಾರನ್ನ ಕೇಳಿ ಬರೆದೆ?”

“ನೀವು ಸಿಗಲಿಲ್ಲ ಸರ್.”

“ಒಂದು ಗಂಟೆ ಕಾಯೋಕೆ ಆಗ್ಲಿಲ್ವಾ? ಅಪ್ಪನ ಕಾಲದಿಂದ ಒಂದು ಪತ್ರಾನೂ ಹೀಗೆ ಹೋಗಿಲ್ಲ. ಒಂದೂ. ಅವರಿಗೆ ನಾವು ಹೇಳಿದ್ವಲ್ಲ! ಹೇಳಿದ್ವೋ ಇಲ್ವೋ?”

“ಹೇಳಿದ್ವಿ ಸರ್,” ಎಂದಳು. “ಅವರಿಗೆ ಕೇಳಿಸೋ ಹಾಗೆ ಹೇಳ್ಲಿಲ್ಲ.”

“ಓದೋದು ಅವರ ಜವಾಬ್ದಾರಿ.”

“ಅವರು ಓದಿದಾರೆ ಸರ್. ಅನುಕೂಲ ನೋಡಿಕೊಂಡು ಅಂತ ಬರ್ದಿದ್ವಿ. ಅವರಿಗೆ ಅನುಕೂಲ ಆಗಿಲ್ಲ.”

ಆಗ ಪರದೆ ಮಿಣುಕಿತು. ವಿಳಾಸ ಎರಡು ಸಾಲಿನವನ ಕಂಪನಿಯದೇ, ಆದರೆ ಬರೆದವರು ಬೇರೆ ಯಾರೋ. ಹೆಸರು ಅವಳು ಯಾವತ್ತೂ ಕಂಡದ್ದಲ್ಲ.

“ಆ ಸೈಟಿನಲ್ಲಿ ಕೊಕ್ಕೆ ಮುರಿದಿದೆ. ಒಬ್ಬ ಕೆಲಸಗಾರ ಕೆಳಗಿದ್ದ. ಆಸ್ಪತ್ರೆಗೆ ಒಯ್ಯುವಾಗ ಜೀವ ಇತ್ತು. ನಿಮಗೆ ಇದು ಯಾವಾಗ ಗೊತ್ತಾಯಿತು?”

ಮೂವರೂ ಓದಿದರು. ಮೂವರೂ ಎರಡನೇ ಸಲ ಓದಿದರು. ಇನ್ನೇನಾದರೂ ಇದೆಯೇ ಎಂದು ಅವಳು ಮೌಸಿನ ಚಕ್ರ ತಿರುಗಿಸಿ ಕೆಳಗೆ ನೋಡಿದಳು. ಕೆಳಗೆ ಏನೂ ಇರಲಿಲ್ಲ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಗಡಸಣ್ಣ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ.

ಯಜಮಾನರು ಅವನು ಬಿಟ್ಟ ಕುರ್ಚಿಯಲ್ಲಿ ಕೂತರು. ಅವರ ದನಿ ಬಂತು, ತೀರಾ ಮೆಲ್ಲಗೆ, ಅಭ್ಯಾಸವಾದ ದಾರಿ ಹಿಡಿದು. “ಬರ್ಕೋಮ್ಮ. ‘ಈ ದುಃಖದ ಘಟನೆ ತಿಳಿದು ನಮಗೆ ಅತೀವ ಆಘಾತವಾಗಿದೆ. ಗಾಯಗೊಂಡವರು ಬೇಗ ಗುಣಮುಖರಾಗಲಿ ಎಂದು…’”

“ಅವರು ಅದನ್ನ ಕೇಳಿಲ್ಲ ಸರ್.”

“ಗೊತ್ತು ಕಣಮ್ಮಾ. ಆದ್ರೂ ಮನುಷ್ಯರಲ್ವಾ ನಾವು? ಅದನ್ನ ಹೇಳದೆ ಹೇಗೆ ಶುರು ಮಾಡೋದು?”

ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲವೆಂದು ಅವಳಿಗೆ ಗೊತ್ತಿತ್ತು. ಆ ಮನುಷ್ಯನಿಗೆ ನಿಜವಾಗಿಯೂ ಆಘಾತವಾಗಿತ್ತು, ಬೇಗ ಗುಣವಾಗಲಿ ಎಂದು ನಿಜವಾಗಿಯೂ ಬೇಡುತ್ತಿದ್ದರು. ಅದನ್ನೆಲ್ಲ ಬರೆದರೆ ಆಚೆ ಕಡೆಯವರು ಓದುವುದು ಒಂದನ್ನೇ: ಇವರು ಉತ್ತರ ಹೇಳುತ್ತಿಲ್ಲ.

ಅವಳು ಹೊಸ ಮೇಲ್ ತೆರೆದಳು. ಹಳೆಯ ಮೇಲಿನ ತಾರೀಖು ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದಳು.

“ಸೋಮವಾರ ಗೊತ್ತಾಯಿತು,” ಎಂದು ಬರೆದಳು. “ಅಂದೇ ನಿಮಗೆ ಬರೆದೆವು. ಅಪಾಯ ಎಂದು ಬರೆಯಲಿಲ್ಲ. ಬರೆಯಬೇಕಿತ್ತು.”

ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಟಪಾಲು ಎಂದಲ್ಲ.

ಯಜಮಾನರು ಓದಿದರು. ಅವರ ತುಟಿ ಅಕ್ಷರಕ್ಷರಕ್ಕೂ ಅಲುಗಿತು. “ಇದು ಹೋದ್ರೆ ಕಾರ್ಖಾನೆ ಮುಚ್ಚಬಹುದು,” ಎಂದರು. “ನಿಮ್ಮಿಬ್ಬರನ್ನ ಕೋರ್ಟಿಗೆ ಕರೀಬಹುದು. ನನ್ನನ್ನಂತೂ ಕರೀತಾರೆ.”

“ಹೂಂ ಸರ್.”

ಅವರು ಬೇಡ ಎನ್ನಲಿಲ್ಲ, ಕಳಿಸು ಎನ್ನಲೂ ಇಲ್ಲ. ‘ನೋಡೋಣ’ ಎಂದಿದ್ದರೂ ಅದು ಬೇಡ ಎಂದೇ ಆಗುತ್ತಿತ್ತು, ಅದನ್ನೂ ಹೇಳಲಿಲ್ಲ. ಕುರ್ಚಿಯ ಕೈಯನ್ನು ಹಿಡಿದುಕೊಂಡು ನೆಲ ನೋಡುತ್ತಾ ಕೂತರು. ಅವಳು ಕಳಿಸಿದಳು.

ಮೇಲ್ ಓದಿದ್ದಾರೆಂಬ ಗುರುತು ಮಾತ್ರ ಬಂತು, ಉತ್ತರ ಬರಲಿಲ್ಲ. ಸಾಮಾನ್ಯವಾಗಿ ಆ ಕಂಪನಿಯಿಂದ ಉಗುಳು ನುಂಗುವಷ್ಟರಲ್ಲಿ ಉತ್ತರ ಬರುತ್ತಿತ್ತು.

“ಏನಂತೆ?” ಎಂದು ಗಡಸಣ್ಣ ಕಿಟಕಿಯಿಂದ ತಿರುಗದೆಯೇ ಕೇಳಿದ.

“ಏನೂ ಇಲ್ಲ,” ಎಂದಳು. “ಓದಿದಾರೆ.”